ಬಾಣದ ಮೇಲೆ ಎರಡು ಪದ ಬರೆಸಿದೆ, ಅಂಕ ಬಂತು

ಇತಿಹಾಸ ಪರೀಕ್ಷೆಯ ಉತ್ತರದಲ್ಲಿ ಪ್ಯಾರಾ ಬದಲು ಟೈಮ್‌ಲೈನ್, ಫ್ಲೋಚಾರ್ಟ್ ಬರೆಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. "ಚಿತ್ರಕ್ಕೆ ಯಾರು ಅಂಕ ಕೊಡ್ತಾರೆ ಮೇಡಂ?" ಅಂತ.

ಮೊದಲ ವರ್ಷ ಅವರೇ ಗೆದ್ದರು. ನನ್ನ ಕೈಯಿಂದ ದುಡ್ಡು ಹಾಕಿ ಕಲರ್ ಪೆನ್ ತಂದುಕೊಟ್ಟೆ, ಸುಮ್ನೆ ದಂಡ. ಮಕ್ಕಳು ಚೆಂದದ ಚಿತ್ರ ಬರೆದು, ಅದೇ ವಿಷಯವನ್ನು ಕೆಳಗೆ ಪ್ಯಾರಾದಲ್ಲೂ ಬರೆದರು. ಒಂದು ಪ್ರಶ್ನೆಗೆ ಹತ್ತು ಹನ್ನೆರಡು ನಿಮಿಷ ಹೋಯಿತು, ಅಂಕ ಮಾತ್ರ ಅಷ್ಟೇ. ಒಂದೇ ಪಾಯಿಂಟಿಗೆ ಎರಡು ಸಲ ಯಾರೂ ಅಂಕ ಹಾಕುವುದಿಲ್ಲ, ಅಲ್ವಾ?

ಆಮೇಲೆ ಒಂದೇ ಪಾಠ ಹಿಡಿದು ಕೂತೆ, ಮೊದಲನೇ ಮಹಾಯುದ್ಧ. "ಯುದ್ಧ ಹೇಗೆ ಹಬ್ಬಿತು?" ಅಂದರೆ ಟೈಮ್‌ಲೈನ್. 1914ರ ಜೂನ್ 28ಕ್ಕೆ ಸರಯೇವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜನ ಹತ್ಯೆ. ಜುಲೈ 28ಕ್ಕೆ ಸೆರ್ಬಿಯಾ ಮೇಲೆ ಆಸ್ಟ್ರಿಯಾ-ಹಂಗೇರಿ ಯುದ್ಧ ಸಾರಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ. 4ಕ್ಕೆ ಬ್ರಿಟನ್ ಜರ್ಮನಿ ಮೇಲೆ. ಈ ಐದನ್ನೂ ಸಮ ಅಂತರದಲ್ಲಿ ಬರೆದರೆ ಅದು ಬರೀ ಪಟ್ಟಿ. ದಿನಗಳ ಲೆಕ್ಕದಲ್ಲಿ ಜಾಗ ಬಿಡಿಸಿದೆ. ಒಂದು ತಿಂಗಳು ಖಾಲಿ, ಆಮೇಲೆ ಒಂದೇ ವಾರದಲ್ಲಿ ಎಲ್ಲ ಒತ್ತೊತ್ತಾಗಿ ಬಿತ್ತು. ಹಬ್ಬಿದ ವೇಗ ಕಣ್ಣಿಗೇ ಕಾಣುತ್ತದೆ, ಅದನ್ನು ಪ್ಯಾರಾದಲ್ಲಿ ಹೇಳಲು ನಾಲ್ಕು ವಾಕ್ಯ ಬೇಕು. ಪ್ರತಿ ದಿನಾಂಕದ ಕೆಳಗೆ "ಯಾಕೆ" ಅಂತ ಎರಡು ಮೂರು ಪದ ಬರೆಸಿದೆ. ಆಗಸ್ಟ್ 4ರ ಕೆಳಗೆ "ಬೆಲ್ಜಿಯಂ ಮೇಲೆ ದಾಳಿ". ಅಲ್ಲಿಂದ ಅಂಕ ಬರಲು ಶುರುವಾಯಿತು. ಸಮಯವೂ ನಾಲ್ಕೈದು ನಿಮಿಷಕ್ಕೆ ಇಳಿಯಿತು.

"ಕಾರಣಗಳೇನು?" ಅಂತ ಕೇಳಿದಾಗ ಅದೇ ಟೈಮ್‌ಲೈನ್ ಬರೆದವರಿಗೆ ಸೊನ್ನೆಗೆ ಹತ್ತಿರ. ಅಲ್ಲಿ ಫ್ಲೋಚಾರ್ಟ್ ಬೇಕು. ಅದರಲ್ಲೂ ನನ್ನ ಮಕ್ಕಳು ಎಡವಿದರು. ಮೈತ್ರಿಕೂಟ, ಶಸ್ತ್ರಾಸ್ತ್ರ ಪೈಪೋಟಿ, ವಸಾಹತು ಪೈಪೋಟಿ, ರಾಷ್ಟ್ರೀಯತೆ ಅಂತ ಸಾಲಾಗಿ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದರು. ಬಾಣ ಅಂದರೆ "ಇದರಿಂದ ಅದು ಆಯಿತು" ಅಂತ. ಮೈತ್ರಿಕೂಟದಿಂದ ವಸಾಹತು ಪೈಪೋಟಿ ಹುಟ್ಟಿತಾ? ಇಲ್ಲ. ಅಂದರೆ ಬಾಣವೇ ತಪ್ಪು ಉತ್ತರ. ನಾಲ್ಕನ್ನೂ ಬೇರೆ ಬೇರೆ ಇಟ್ಟು, ನಾಲ್ಕೂ ಬಾಣ ನಡುವಿನ "ಯುದ್ಧ" ಅನ್ನೋ ಡಬ್ಬಿಗೆ ಬರುವಂತೆ ಮಾಡಿಸಿದೆ. ಪ್ರತಿ ಬಾಣದ ಮೇಲೆ ಒಂದು ಉದಾಹರಣೆ. ಶಸ್ತ್ರಾಸ್ತ್ರದ ಬಾಣಕ್ಕೆ "ಬ್ರಿಟನ್-ಜರ್ಮನಿ ನೌಕಾಪಡೆ ಪೈಪೋಟಿ".

ನಡುವೆ ಭೂಗೋಳದಲ್ಲೂ ಕೈಯಾಡಿಸಿದೆ. ನದಿಯ ತಿರುವು ಕಡಿದುಹೋಗಿ ಸರೋವರವಾಗುವುದನ್ನು ಮೂರು ಚಿತ್ರದಲ್ಲಿ ಬರೆಸಿದೆ. "ಹೊರ ದಂಡೆ", "ಒಳ ದಂಡೆ" ಅಂತ ಬರೀ ಹೆಸರು ಬರೆದವರಿಗೆ ಅರ್ಧ ಅಂಕ. "ಹೊರ ದಂಡೆ, ಕೊರೆತ", "ಒಳ ದಂಡೆ, ಮಣ್ಣು ಶೇಖರಣೆ" ಅಂತ ಕೆಲಸವನ್ನೂ ಬರೆದವರಿಗೆ ಪೂರ್ತಿ.

ಯಾವ ಪ್ರಶ್ನೆಗೆ ಯಾವ ಚಿತ್ರ ಅಂತ ಮಕ್ಕಳಿಗೆ ಹತ್ತು ಸೆಕೆಂಡಿನಲ್ಲಿ ಗುರುತಿಸಲು ಒಂದು ಗುಟ್ಟು ಹೇಳಿಕೊಟ್ಟಿದ್ದೇನೆ, ಅದು ನನ್ನ ತರಗತಿಗೇ ಇರಲಿ. "ನೀವು ಒಪ್ಪುತ್ತೀರಾ? ಚರ್ಚಿಸಿ" ಅಂತ ಬಂದರೆ ಮಾತ್ರ ನಾನೂ ಪ್ಯಾರಾನೇ ಬರೆಸುತ್ತೇನೆ. "ಆದರೆ" ಅನ್ನೋದನ್ನು ಬಾಣದಲ್ಲಿ ತೋರಿಸಲು ಎರಡು ವರ್ಷ ನೋಡಿದೆ, ಆಗಲಿಲ್ಲ.