ಜರ್ಮನ್ ಉಪವಾಕ್ಯ: ಕ್ರಿಯಾಪದವನ್ನು ಕೊನೆಗೆ ಕೂರಿಸುವುದು ಹೇಗೆ?

ಹಾಸನದಲ್ಲಿ ಜರ್ಮನ್ ಕಲಿಯಲು ಬರುವವರಲ್ಲಿ ನರ್ಸಿಂಗ್ ಮುಗಿಸಿದವರೂ ಎಂಜಿನಿಯರಿಂಗ್ ಓದುತ್ತಿರುವವರೂ ಹೆಚ್ಚು. ಮಾತನಾಡುವಾಗ ಚುರುಕಾಗಿರುವ ಇವರು ಪತ್ರ ಬರೆಯಲು ಕುಳಿತರೆ ಒಂದೇ ಜಾಗದಲ್ಲಿ ಎಡವುತ್ತಾರೆ. ಕಾರಣ ಹೇಳಲು ‘ವೈಲ್’ ಎಂದು ಬರೆದ ಮೇಲೆ ಕ್ರಿಯಾಪದವನ್ನು ಎಲ್ಲಿಡಬೇಕೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ, ಕೊನೆಯಲ್ಲಿಡಬೇಕೆಂದು ಬಾಯಿಪಾಠವಾಗಿರುತ್ತದೆ. ಆದರೆ ವಾಕ್ಯದಲ್ಲಿ ಎರಡು ಕ್ರಿಯಾಪದಗಳು ಬಂದ ಕೂಡಲೇ ನಿಯಮ ಕೈಬಿಟ್ಟುಹೋಗುತ್ತದೆ. ಆ ಹಂತವನ್ನು ಬರವಣಿಗೆಯ ಮೂಲಕವೇ ಗಟ್ಟಿ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಜರ್ಮನ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ನಿಮ್ಮ ನೋಟ್‌ಬುಕ್ಕಿನಲ್ಲಿ ಜರ್ಮನ್ ಅಕ್ಷರಗಳಲ್ಲಿಯೇ ಬರೆಯಿರಿ.

ಮೊದಲ ಹಂತ: ಎರಡು ಬಿಡಿ ವಾಕ್ಯಗಳು. ಬೇಲೂರಿನಿಂದ ಬರುವ ಬಸ್ಸು ತಡವಾಗಿ ಹಾಸನ ತಲುಪಿದ್ದರಿಂದ ನಿನ್ನೆ ತರಗತಿಗೆ ಬರಲಾಗಲಿಲ್ಲವೆಂದು ಶಿಕ್ಷಕರಿಗೆ ಬರೆಯಬೇಕಾಗಿದೆ ಎಂದುಕೊಳ್ಳಿ. ಇದನ್ನು ಒಮ್ಮೆಲೇ ಬರೆಯಹೋಗಬೇಡಿ. ‘ಇಷ್ ವಾರ್ ಗೆಸ್ಟರ್ನ್ ನಿಷ್ಟ್ ಇಮ್ ಉಂಟರಿಷ್ಟ್’ ಎಂದು ಒಂದು ಸಾಲು, ‘ಮೈನ್ ಬುಸ್ ಇಸ್ಟ್ ತ್ಸು ಶ್ಪೇಟ್ ಇನ್ ಹಾಸನ್ ಆನ್‌ಗೆಕೊಮೆನ್’ ಎಂದು ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ.

ಎರಡನೆಯ ಹಂತ: ಅಲ್ಪವಿರಾಮ, ‘ವೈಲ್’, ಅದರ ಹಿಂದೆಯೇ ಕರ್ತೃ. ಅಲ್ಪವಿರಾಮ ಜರ್ಮನ್‌ನಲ್ಲಿ ಕಡ್ಡಾಯ. ಕನ್ನಡಿಗರು ಇಲ್ಲಿ ಇನ್ನೊಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ‘ನಿನ್ನೆ ಹುಷಾರಿರಲಿಲ್ಲ’ ಎಂದರೆ ಯಾರಿಗೆಂಬುದು ನಮಗೆ ತಾನಾಗಿಯೇ ತಿಳಿಯುತ್ತದೆ, ಆದ್ದರಿಂದ ‘ನನಗೆ’ ಎಂಬುದನ್ನು ಬಿಟ್ಟುಬಿಡುತ್ತೇವೆ. ಜರ್ಮನ್‌ನಲ್ಲಿ ಹಾಗೆ ಬಿಡುವಂತಿಲ್ಲ. ‘ವೈಲ್ ಗೆಸ್ಟರ್ನ್ ಕ್ರಾಂಕ್ ವಾರ್’ ಎಂದು ಬರೆದ ಉತ್ತರಗಳಲ್ಲಿ ಕ್ರಿಯಾಪದ ಸರಿಯಾದ ಜಾಗದಲ್ಲಿದ್ದರೂ ‘ಇಷ್’ ಇಲ್ಲದೆ ವಾಕ್ಯ ತಪ್ಪಾಗುತ್ತದೆ.

ಮೂರನೆಯ ಹಂತವೇ ಕಷ್ಟದ್ದು, ಆದ್ದರಿಂದ ಇಲ್ಲಿ ನಿಧಾನಿಸೋಣ. ಎರಡನೆಯ ಬಿಡಿ ವಾಕ್ಯದಲ್ಲಿ ‘ಇಸ್ಟ್’ ಮತ್ತು ‘ಆನ್‌ಗೆಕೊಮೆನ್’ ಎಂಬ ಎರಡು ಕ್ರಿಯಾರೂಪಗಳಿವೆ. ಇವುಗಳಲ್ಲಿ ಕೊನೆಗೆ ಹೋಗಬೇಕಾದದ್ದು ಯಾವುದು? ಕರ್ತೃವನ್ನು ಬದಲಿಸಿ ನೋಡಿ. ‘ನನ್ನ ಬಸ್ಸು’ ಎಂಬುದರ ಬದಲು ‘ನಾನು’ ಎಂದಿಟ್ಟರೆ ‘ಇಸ್ಟ್’ ಹೋಗಿ ‘ಬಿನ್’ ಬರುತ್ತದೆ, ‘ಆನ್‌ಗೆಕೊಮೆನ್’ ಮಾತ್ರ ಇದ್ದಂತೆಯೇ ಇರುತ್ತದೆ. ಕರ್ತೃವಿಗೆ ತಕ್ಕಂತೆ ಬದಲಾಗುವ ರೂಪ ಯಾವುದೋ ಅದೇ ಜಾಗ ಬಿಟ್ಟು ಕದಲಬೇಕಾದ ಕ್ರಿಯಾಪದ. ಅದಕ್ಕೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, ಅಲ್ಲಿಂದ ತೆಗೆದು, ಉಪವಾಕ್ಯದ ಎಲ್ಲ ಪದಗಳೂ ಮುಗಿದ ಮೇಲೆ ಬರೆಯಿರಿ. ಆಗ ‘ವೈಲ್ ಮೈನ್ ಬುಸ್ ತ್ಸು ಶ್ಪೇಟ್ ಇನ್ ಹಾಸನ್ ಆನ್‌ಗೆಕೊಮೆನ್ ಇಸ್ಟ್’ ಎಂದಾಗುತ್ತದೆ.

ಈ ಹಂತದಲ್ಲಿ ಎರಡು ಬಗೆಯ ತಪ್ಪುಗಳು ಕಾಣಸಿಗುತ್ತವೆ. ಇಂಗ್ಲಿಷಿನಲ್ಲಿ ಯೋಚಿಸಿ ಬರೆಯುವವರು ‘ವೈಲ್ ಮೈನ್ ಬುಸ್ ಇಸ್ಟ್’ ಎಂದು ಆರಂಭಿಸಿಬಿಡುತ್ತಾರೆ. ನಿಯಮವನ್ನು ಅರ್ಧ ನೆನಪಿಟ್ಟುಕೊಂಡವರು ಕೊನೆಯವರೆಗೂ ಬಂದು, ಅಲ್ಲಿ ‘ಇಸ್ಟ್ ಆನ್‌ಗೆಕೊಮೆನ್’ ಎಂದು ತಿರುವುಮುರುವು ಮಾಡುತ್ತಾರೆ. ಎರಡಕ್ಕೂ ನಾನು ಹೇಳುವ ಪರಿಹಾರ ಒಂದೇ: ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಲ್ಲಿ ಯೋಚಿಸಿ. ‘ತಲುಪಿದೆ’ ಎನ್ನುವಾಗ ಮುಖ್ಯ ಕ್ರಿಯೆ ಮೊದಲು ಬಂದು ‘ಇದೆ’ ಕೊನೆಗೆ ಸೇರಿಕೊಂಡಿದೆ. ‘ಆನ್‌ಗೆಕೊಮೆನ್ ಇಸ್ಟ್’ ಎಂಬುದರ ಕ್ರಮವೂ ಅದೇ. ಕನ್ನಡದ ಕ್ರಮ ನಮ್ಮ ಕೈ ಹಿಡಿಯದಿರುವುದು ಜೋಡಿಸುವ ಪದದ ವಿಷಯದಲ್ಲಿ ಮಾತ್ರ: ‘ತಲುಪಿದ್ದರಿಂದ’ ಎಂದು ಕಾರಣವನ್ನು ನಾವು ಕೊನೆಗೆ ಅಂಟಿಸುತ್ತೇವೆ, ಜರ್ಮನ್ ಅದನ್ನು ‘ವೈಲ್’ ಎಂದು ಮೊದಲೇ ಹೇಳಿಬಿಡುತ್ತದೆ.

ಅಭ್ಯಾಸಕ್ಕೆ ಒಂದೇ ವಾಕ್ಯವನ್ನು ಮೂರು ರೂಪಗಳಲ್ಲಿ ಬರೆಯಿರಿ. ಹತ್ತು ಬೇರೆ ಬೇರೆ ವಾಕ್ಯಗಳಿಗಿಂತ ಇದು ಹೆಚ್ಚು ಕಲಿಸುತ್ತದೆ. ‘ಐದಕ್ಕೆ ಏಳುತ್ತೇನೆ’ ಎನ್ನಲು ಬಿಡಿ ವಾಕ್ಯದಲ್ಲಿ ‘ಇಷ್ ಶ್ಟೇಎ ಉಮ್ ಫ್ಯುನ್ಫ್ ಔಫ್’ ಎನ್ನುತ್ತೇವೆ. ‘ಔಫ್’ ಎಂಬ ತುಂಡು ಕೊನೆಯಲ್ಲಿ ಒಂಟಿಯಾಗಿರುತ್ತದೆ. ಉಪವಾಕ್ಯದಲ್ಲಿ ಕ್ರಿಯಾಪದವೂ ಕೊನೆಗೆ ಬಂದು ಅದನ್ನು ಕೂಡಿಕೊಳ್ಳುವುದರಿಂದ ‘ವೈಲ್ ಇಷ್ ಉಮ್ ಫ್ಯುನ್ಫ್ ಔಫ್‌ಶ್ಟೇಎ’ ಎಂದು ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಬೇಕು. ‘ಏಳಬೇಕು’ ಎನ್ನುವಾಗ ‘ವೈಲ್ ಇಷ್ ಉಮ್ ಫ್ಯುನ್ಫ್ ಔಫ್‌ಶ್ಟೇಎನ್ ಮುಸ್’, ‘ಎದ್ದಿದ್ದೇನೆ’ ಎನ್ನುವಾಗ ‘ವೈಲ್ ಇಷ್ ಉಮ್ ಫ್ಯುನ್ಫ್ ಔಫ್‌ಗೆಶ್ಟಾಂಡೆನ್ ಬಿನ್’. ಮೂರನ್ನೂ ಒಂದರ ಕೆಳಗೊಂದು ಬರೆದು ಕೊನೆಯ ಪದಕ್ಕೆ ಅಡಿಗೆರೆ ಎಳೆದರೆ, ಗೆರೆ ಬಿದ್ದದ್ದು ಪ್ರತಿ ಸಲವೂ ಕರ್ತೃವಿಗೆ ತಕ್ಕಂತೆ ಬದಲಾಗುವ ರೂಪದ ಮೇಲೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ‘ಡಾಸ್’, ‘ವೆನ್’, ‘ಓಪ್‌ವೋಲ್’ ಮುಂತಾದವುಗಳಿಗೂ ಇದೇ ಕ್ರಮ.

ಇದಕ್ಕೆ ಅಪವಾದವೊಂದಿದೆ. ‘ಬರಲು ಸಾಧ್ಯವಾಗಿಲ್ಲ’ ಎಂಬುದನ್ನು ಪರ್ಫೆಕ್ಟ್ ಕಾಲದಲ್ಲಿ ಬರೆದರೆ ‘ವೈಲ್ ಇಷ್ ನಿಷ್ಟ್ ಹಾಬೆ ಕೊಮೆನ್ ಕ್ಯೋನೆನ್’ ಎಂದು ‘ಹಾಬೆ’ ಮುಂದಕ್ಕೆ ಬಂದು ಕುಳಿತುಕೊಳ್ಳುತ್ತದೆ. ಇದನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು. ಬರೆಯುವಾಗ ‘ವೈಲ್ ಇಷ್ ನಿಷ್ಟ್ ಕೊಮೆನ್ ಕೊಂಟೆ’ ಎಂದೇ ಬರೆಯಿರಿ. ಜರ್ಮನರೂ ಸಾಮಾನ್ಯವಾಗಿ ಹಾಗೆಯೇ ಬರೆಯುತ್ತಾರೆ.

ಅಡ್ಡದಾರಿಗಳ ಬಗ್ಗೆಯೂ ಹೇಳಬೇಕು. ‘ಡೆನ್’ ಎಂಬ ಪದವೂ ಕಾರಣವನ್ನೇ ಹೇಳುತ್ತದೆ, ಅದರ ನಂತರ ಕ್ರಿಯಾಪದ ಮಾಮೂಲಿನಂತೆ ಎರಡನೆಯ ಸ್ಥಾನದಲ್ಲಿಯೇ ಉಳಿಯುತ್ತದೆ. ಹಾಗೆಂದು ಎಲ್ಲ ಕಡೆಯೂ ‘ಡೆನ್’ ಬಳಸಿ ಪಾರಾಗುವ ವಿದ್ಯಾರ್ಥಿಗಳು ‘ಡಾಸ್’ ಅಥವಾ ‘ಓಪ್‌ವೋಲ್’ ಬಂದಾಗ ದಾರಿ ಕಾಣದೆ ನಿಲ್ಲುತ್ತಾರೆ. ಜರ್ಮನರು ಮಾತಿನಲ್ಲಿ ‘ವೈಲ್’ ನಂತರವೂ ಕ್ರಿಯಾಪದವನ್ನು ಎರಡನೆಯ ಸ್ಥಾನದಲ್ಲಿಡುವುದುಂಟು, ವಿಡಿಯೊಗಳಲ್ಲಿ ಅದು ಕಿವಿಗೆ ಬೀಳುತ್ತದೆ. ಬರವಣಿಗೆಯಲ್ಲಿ ಅದು ತಪ್ಪೇ. ಪದಗಳ ಚೌಕಗಳನ್ನು ಬೆರಳಿನಿಂದ ಎಳೆದು ಜೋಡಿಸುವ ಮೊಬೈಲ್ ಆ್ಯಪ್‌ಗಳನ್ನು ಈ ಪಾಠಕ್ಕೆ ನೆಚ್ಚಬೇಡಿ. ಅಲ್ಲಿ ‘ಇಸ್ಟ್’ ಎಂಬ ಚೌಕ ಉಳಿದಿದ್ದರೆ ಅದನ್ನು ಕೊನೆಗಿಡುವುದು ಸುಲಭ; ಖಾಲಿ ಹಾಳೆಯಲ್ಲಿ ‘ಇಸ್ಟ್’ ಬೇಕೆಂಬುದೇ ನಿಮಗೆ ಹೊಳೆಯಬೇಕು.

ನಾಲ್ಕನೆಯ ಹಂತ: ಉಪವಾಕ್ಯವನ್ನು ಮೊದಲಿಡುವುದು. ‘ವೈಲ್ ಮೈನ್ ಬುಸ್ ತ್ಸು ಶ್ಪೇಟ್ ಇನ್ ಹಾಸನ್ ಆನ್‌ಗೆಕೊಮೆನ್ ಇಸ್ಟ್, ವಾರ್ ಇಷ್ ಗೆಸ್ಟರ್ನ್ ನಿಷ್ಟ್ ಇಮ್ ಉಂಟರಿಷ್ಟ್’. ಇಡೀ ಉಪವಾಕ್ಯ ಮೊದಲ ಸ್ಥಾನವನ್ನು ಹಿಡಿದುಕೊಂಡಿರುವುದರಿಂದ, ಎರಡನೆಯ ಸ್ಥಾನಕ್ಕೆ ಸೇರಬೇಕಾದ ಮುಖ್ಯ ಕ್ರಿಯಾಪದ ಅಲ್ಪವಿರಾಮವಾದ ಕೂಡಲೇ ಬರುತ್ತದೆ. ಹೀಗಾಗಿ ಅಲ್ಪವಿರಾಮದ ಎರಡೂ ಬದಿಗಳಲ್ಲಿ ಕ್ರಿಯಾಪದವೇ ನಿಂತಿರುತ್ತದೆ. ಅಲ್ಪವಿರಾಮದ ನಂತರ ‘ಇಷ್ ವಾರ್’ ಎಂದು ಬರೆದಿದ್ದರೆ ಹೊಡೆದುಹಾಕಿ ತಿದ್ದಿಕೊಳ್ಳಿ.

ಕೊನೆಯದಾಗಿ ಪರಿಶೀಲನೆ. ಗೊಯಟೆ ಸಂಸ್ಥೆಯ ಬಿ1 ಪರೀಕ್ಷೆಯ ಬರವಣಿಗೆ ಭಾಗದಲ್ಲಿ 60 ನಿಮಿಷಗಳಲ್ಲಿ 3 ಬರಹಗಳನ್ನು ಬರೆಯಬೇಕಾಗುತ್ತದೆ, ಎಲ್ಲವನ್ನೂ ಮತ್ತೆ ಓದಲು ಸಮಯ ಸಾಲದು. ಆದ್ದರಿಂದ ಮನೆಯಲ್ಲಿ ಬರೆಯುವಾಗಲೇ ಪ್ರತಿಯೊಂದು ಜೋಡಿಸುವ ಪದದ ಮುಂದೆ ಪೆನ್ಸಿಲಿನಲ್ಲಿ ಒಂದು ಆವರಣ ತೆರೆದು, ಅದಕ್ಕೆ ಸೇರಿದ ಕ್ರಿಯಾಪದ ಬಂದಾಗ ಮುಚ್ಚುವುದನ್ನು ರೂಢಿಸಿಕೊಳ್ಳಿ. ಮುಚ್ಚಿದ ಆವರಣದ ಹಿಂದೆಯೇ ಅಲ್ಪವಿರಾಮ ಅಥವಾ ಪೂರ್ಣವಿರಾಮ ಇದೆಯೇ ಎಂದು ನೋಡಿ. ಅದು ಇಲ್ಲದೆ ಇನ್ನೂ ಪದಗಳು ಉಳಿದಿದ್ದರೆ ಕ್ರಿಯಾಪದ ಬೇಗ ಬಂದುಬಿಟ್ಟಿದೆ ಎಂದು ತಿಳಿದು ಆ ವಾಕ್ಯವನ್ನು ಮಾತ್ರ ಹೊಸದಾಗಿ ಬರೆಯಿರಿ. ಆವರಣ ತೆರೆದುಕೊಂಡೇ ಉಳಿದಿದ್ದರೆ ಅಲ್ಲಿ ಕ್ರಿಯಾಪದವೇ ಬಿಟ್ಟುಹೋಗಿರುತ್ತದೆ, ಉದ್ದದ ವಾಕ್ಯಗಳಲ್ಲಿ ‘ಹಾಬೆ’ ಮತ್ತು ‘ಇಸ್ಟ್’ ಹೀಗೆ ತಪ್ಪಿಹೋಗುವುದು ಹೆಚ್ಚು.