ಒಂದೇ ಹಿಟ್ಟು, ಎರಡು ಇಡ್ಲಿ: ಕುಕ್ಕರಿನಲ್ಲಿ ಆಗುವುದೇನು?

ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾನು ಇಡ್ಲಿ ಹಿಟ್ಟು ರುಬ್ಬಿ ಮಾರುತ್ತೇನೆ. ಒಂದು ಅಳತೆ ಉದ್ದಿನಬೇಳೆಗೆ ಎರಡೂವರೆ ಅಳತೆ ಇಡ್ಲಿ ರವೆ. ರಾತ್ರಿ ಹುದುಗಿಸಿಟ್ಟು ಬೆಳಿಗ್ಗೆ ಕೊಡುತ್ತೇನೆ. ನಮ್ಮ ಮನೆಯ ತಿಂಡಿಗೂ ಅದೇ ಪಾತ್ರೆಯ ಹಿಟ್ಟು. ಹೀಗಾಗಿ ಯಾರಾದರೂ “ಇಡ್ಲಿ ಗಟ್ಟಿಯಾಯಿತು”, “ಚಪ್ಪಟೆಯಾಯಿತು” ಎಂದು ಫೋನ್ ಮಾಡಿದಾಗ ತೂಗಿ ನೋಡಲು ನನ್ನ ಬಳಿ ಒಂದು ತಕ್ಕಡಿ ಇರುತ್ತದೆ. ಅದೇ ಹಿಟ್ಟಿನಿಂದ ನಮ್ಮಲ್ಲಿ ಇಡ್ಲಿ ಉಬ್ಬಿದೆ ಎಂದಾದರೆ ತೊಂದರೆ ಹಿಟ್ಟಿನದಲ್ಲ, ಬೇಯಿಸಿದ ರೀತಿಯದು.

ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಎಲ್ಲ ತಟ್ಟೆಗಳಲ್ಲೂ ಹೀಗೆಯೇ ಆಗಿದೆಯೇ, ಅಥವಾ ಒಂದೊಂದು ತಟ್ಟೆಯಲ್ಲಿ ಒಂದೊಂದು ಬಗೆಯೇ? ಹಿಟ್ಟು ಸರಿಯಾಗಿ ಹುದುಗದಿದ್ದರೆ ಕೆಳಗಿನ ತಟ್ಟೆಯಿಂದ ಮೇಲಿನ ತಟ್ಟೆಯವರೆಗೂ ದೋಷ ಒಂದೇ ತೆರನಾಗಿರುತ್ತದೆ. ತಟ್ಟೆಯಿಂದ ತಟ್ಟೆಗೆ ವ್ಯತ್ಯಾಸ ಕಂಡರೆ ಹಬೆಯನ್ನು ಅನುಮಾನಿಸಬೇಕು. ಈ ಪ್ರಶ್ನೆ ಕೇಳದೆ ಉದ್ದು ಹೆಚ್ಚಿಸಿ, ಅವಲಕ್ಕಿ ಸೇರಿಸಿ, ಸೋಡಾ ಹಾಕಿ ಎಂದು ಸಲಹೆ ಕೊಡುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಹಿಂದಿನ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರ ಅಡುಗೆಮನೆಯಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿ ಕಂಡಿತು. ಐದು ಲೀಟರಿನ ಕುಕ್ಕರ್, ಅದರೊಳಗೆ ನಾಲ್ಕು ತಟ್ಟೆಗಳ ಸ್ಟ್ಯಾಂಡ್, ಒಟ್ಟು ಹದಿನಾರು ಇಡ್ಲಿ. “ನಿನ್ನ ಹಿಟ್ಟು ಮೊದಲಿನ ಹಾಗೆ ಇಲ್ಲಮ್ಮ” ಎಂದರು. “ಟೀಚರ್, ನನ್ನ ಮುಂದೆ ಒಂದು ಸಲ ಮಾಡಿ ತೋರಿಸಿ, ನಾನು ಏನೂ ಹೇಳುವುದಿಲ್ಲ” ಎಂದು ಪಕ್ಕದಲ್ಲಿ ನಿಂತುಕೊಂಡೆ.

ಅವರು ಕುಕ್ಕರಿಗೆ ಒಂದು ಲೀಟರ್ ತಣ್ಣೀರು ಸುರಿದು, ಹಿಟ್ಟು ತುಂಬಿದ ಸ್ಟ್ಯಾಂಡ್ ಇಳಿಸಿ, ಮುಚ್ಚಳ ಹಾಕಿ, ವಿಷಲ್ ಇಡದೆ ಒಲೆ ಹಚ್ಚಿದರು. ಒಲೆ ಹಚ್ಚಿದ ಕ್ಷಣದಿಂದಲೇ ಹತ್ತು ನಿಮಿಷ ಎಣಿಸಿದರು. ನಾನು ನೋಡುತ್ತಿದ್ದದ್ದು ಮುಚ್ಚಳದ ಮೇಲಿನ ಕೊಳವೆಯನ್ನು. ಅದರಿಂದ ಹಬೆ ರಭಸವಾಗಿ, ನಿಲ್ಲದೆ ಬರಲು ಶುರುವಾದಾಗ ಸುಮಾರು ಒಂಬತ್ತು ನಿಮಿಷ ಕಳೆದಿತ್ತು. ಅಂದರೆ ಅವರ ಲೆಕ್ಕದ ಹತ್ತು ನಿಮಿಷದಲ್ಲಿ ಇಡ್ಲಿಗೆ ತುಂಬು ಹಬೆ ಸಿಕ್ಕಿದ್ದು ಕೊನೆಯ ಒಂದು ನಿಮಿಷ ಮಾತ್ರ.

ತೆಗೆದು ನೋಡಿದಾಗ ಕೆಳಗಿನ ತಟ್ಟೆಯ ಇಡ್ಲಿಗಳ ತಳ ಒದ್ದೆಯಾಗಿ, ಗಂಜಿಯಂತೆ ಮೆತ್ತಿಕೊಂಡಿತ್ತು. ಮಧ್ಯದ ಎರಡು ತಟ್ಟೆಗಳಲ್ಲಿ ಅಂಚು ಬೆಂದಿದ್ದರೂ ನಡುವೆ ತಗ್ಗಿ, ಬೆರಳಿಗೆ ಅಂಟುತ್ತಿತ್ತು. ಮೇಲಿನ ತಟ್ಟೆಯಲ್ಲಿ ಮಾತ್ರ ಸಣ್ಣ ಸಣ್ಣ ಕುಳಿಗಳು, ಮಳೆ ಹನಿ ಬಿದ್ದ ಮಣ್ಣಿನ ಹಾಗೆ. ಒಂದೇ ಹಿಟ್ಟಿಗೆ ಮೂರು ಬಗೆಯ ಕೇಡು.

ಮಧ್ಯದ ತಟ್ಟೆಗಳದ್ದೇ ನಿಜವಾದ ಪಾಠ. ಹುದುಗಿದ ಹಿಟ್ಟಿನ ತುಂಬ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಿರುತ್ತವೆ. ಅವನ್ನು ಹಿಡಿದಿಟ್ಟಿರುವುದು ಉದ್ದಿನ ಲೋಳೆ. ಬಿಸಿ ತಾಗಿದ ಕೂಡಲೇ ಗುಳ್ಳೆಗಳು ಹಿಗ್ಗುತ್ತವೆ, ಹಿಟ್ಟು ಏಳುತ್ತದೆ. ಆದರೆ ಎದ್ದ ಹಿಟ್ಟು ಎದ್ದಲ್ಲೇ ನಿಲ್ಲಬೇಕಾದರೆ ಅಕ್ಕಿಯ ಪಿಷ್ಟ ಬೆಂದು ಗೋಡೆ ಕಟ್ಟಬೇಕು. ಅದು ಆಗುವುದು ಸರಿಸುಮಾರು 70 ಡಿಗ್ರಿ ದಾಟುವ ಹೊತ್ತಿಗೆ. ತಣ್ಣೀರಿನಿಂದ ಶುರು ಮಾಡಿದರೆ ಹಿಟ್ಟು ನಿಧಾನವಾಗಿ ಬೆಚ್ಚಗಾಗುತ್ತದೆ. ಗುಳ್ಳೆಗಳು ದೊಡ್ಡದಾಗಿ, ಒಂದಕ್ಕೊಂದು ಸೇರಿ, ಮೇಲಕ್ಕೆ ಬಂದು ಒಡೆಯಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ಗೋಡೆ ಕಟ್ಟುವ ಹೊತ್ತಿಗೆ ಒಳಗಿನ ಗಾಳಿಯೇ ಹೋಗಿರುತ್ತದೆ. ಇಂಥ ಇಡ್ಲಿಯನ್ನು ನಡುವೆ ಕತ್ತರಿಸಿದರೆ ಮೇಲುಭಾಗದಲ್ಲಿ ನಾಲ್ಕಾರು ದೊಡ್ಡ ತೂತುಗಳು, ತಳದಲ್ಲಿ ಮುದ್ದೆಯಂಥ ಪದರ ಕಾಣುತ್ತದೆ. ಸರಿಯಾಗಿ ಬೆಂದದ್ದರಲ್ಲಿ ಸಣ್ಣ ರಂಧ್ರಗಳು ಎಲ್ಲೆಡೆ ಒಂದೇ ಸಮನಾಗಿರುತ್ತವೆ.

ಹಬೆಗೆ ಇಷ್ಟು ಶಕ್ತಿ ಎಲ್ಲಿಂದ ಎಂಬುದನ್ನೂ ಇಲ್ಲಿ ಹೇಳಬೇಕು. ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ನೀರಾಗುವಾಗ ಪ್ರತಿ ಗ್ರಾಮಿಗೆ ಸುಮಾರು 540 ಕ್ಯಾಲೊರಿ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಅದೇ ಬಿಸಿಯ ಒಣಗಾಳಿಗೆ ಇದು ಸಾಧ್ಯವಿಲ್ಲ. ಕುಕ್ಕರಿನೊಳಗೆ ಮೊದಲು ಇರುವುದು ಗಾಳಿ. ಹಬೆ ಅದನ್ನು ಕೊಳವೆಯ ಮೂಲಕ ಹೊರಗೆ ತಳ್ಳಬೇಕು. ಜೊತೆಗೆ ಹದಿನಾರು ಇಡ್ಲಿಗಳ ಮುಕ್ಕಾಲು ಕಿಲೋದಷ್ಟು ಹಿಟ್ಟು, ಸ್ಟ್ಯಾಂಡ್, ಮುಚ್ಚಳ ಎಲ್ಲವೂ ಮೊದಮೊದಲ ಹಬೆಯನ್ನು ಹೀರಿಕೊಳ್ಳುತ್ತವೆ. ಆದ್ದರಿಂದಲೇ ನೀರು ಕುದಿಯುತ್ತಿದ್ದರೂ ಕೊಳವೆಯಲ್ಲಿ ಹಬೆ ಕಾಣಲು ತಡವಾಗುತ್ತದೆ. ಕೊಳವೆಯಿಂದ ಹಬೆ ಎಡೆಬಿಡದೆ ಬಂದಾಗ ಒಳಗೆ ಗಾಳಿ ಉಳಿದಿಲ್ಲ ಎಂದು ಅರ್ಥ. ಗಡಿಯಾರ ನೋಡಬೇಕಾದದ್ದು ಆಗ.

ಟೀಚರ್ ಹಿಂದಿನ ವಾರ ಇನ್ನೊಂದು ಉಪಾಯವನ್ನೂ ಮಾಡಿದ್ದರು. ಯಾರೋ ಹೇಳಿದರೆಂದು ವಿಷಲ್ ಹಾಕಿ ಒಂದು ಕೂಗು ಕೂಗಿಸಿದ್ದರು. “ಆ ಇಡ್ಲಿ ಬೆಂದಿತ್ತು, ಆದರೆ ರಬ್ಬರಿನಂತೆ ಇತ್ತು, ಬಣ್ಣವೂ ಸ್ವಲ್ಪ ಹಳದಿ” ಎಂದರು. ಅದು ಹಾಗೆಯೇ ಆಗಬೇಕು. ವಿಷಲ್ ಇಟ್ಟಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ಪಟ್ಟಾಗುತ್ತದೆ, ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಒತ್ತಡ ಎರಡು ಪಟ್ಟಾದರೆ ಗುಳ್ಳೆಯ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಿಟ್ಟು ಹಿಗ್ಗಬೇಕಾದ ಹೊತ್ತಿನಲ್ಲೇ ಅದನ್ನು ನಾಲ್ಕೂ ಕಡೆಯಿಂದ ಒತ್ತಿ ಹಿಡಿದು, ಆ ಸ್ಥಿತಿಯಲ್ಲೇ ಬೇಯಿಸಿದಂತಾಗುತ್ತದೆ. ಇನ್ನು ವಿಷಲ್ ಎತ್ತಿ ಒತ್ತಡ ಬಿಟ್ಟರೆ ಇಡ್ಲಿಯೊಳಗಿನ ನೀರು ಒಮ್ಮೆಲೇ ಆವಿಯಾಗಿ ಎಳೆಯ ಗೋಡೆಗಳನ್ನು ಹರಿಯುತ್ತದೆ. ಮೇಲ್ಮೈ ಬಿರಿದು ಆಮೇಲೆ ಕುಸಿಯುತ್ತದೆ. ಅನ್ನ ಬೇಳೆಗೆ ಒತ್ತಡ ಬೇಕು, ಇಡ್ಲಿಗೆ ಎಂದಿಗೂ ಬೇಡ.

ಹಾಗಾದರೆ ಇಡ್ಲಿ ಪಾತ್ರೆಯ ಹಬೆ ಕುಕ್ಕರಿನ ಹಬೆಗಿಂತ ಶ್ರೇಷ್ಠವೇ? ಖಂಡಿತ ಅಲ್ಲ. ವಿಷಲ್ ತೆಗೆದರೆ ಎರಡರಲ್ಲೂ ಅದೇ ಹಬೆ, ಅದೇ ಶಾಖ; ಮೈಸೂರಿನ ಎತ್ತರದಲ್ಲಿ 97 ಡಿಗ್ರಿಯ ಆಸುಪಾಸು. ವ್ಯತ್ಯಾಸ ಇರುವುದು ಪಾತ್ರೆಯ ಕಟ್ಟಿನಲ್ಲಿ. ಇಡ್ಲಿ ಪಾತ್ರೆಯ ತಳ ಅಗಲ, ತಟ್ಟೆ ನೀರಿನಿಂದ ಸಾಕಷ್ಟು ಮೇಲಿರುತ್ತದೆ. ಮುಚ್ಚಳ ಗುಮ್ಮಟದಂತಿರುವುದರಿಂದ ಅದರಲ್ಲಿ ಕಟ್ಟಿದ ನೀರು ಅಂಚಿಗೆ ಜಾರಿ ಇಳಿಯುತ್ತದೆ. ಸಡಿಲ ಮುಚ್ಚಳವಾದ್ದರಿಂದ ಒತ್ತಡ ಹೆಚ್ಚಿಸಬೇಕೆಂದರೂ ಆಗದು. ಕುಕ್ಕರಿನ ಸ್ಟ್ಯಾಂಡಿಗೆ ಕಾಲು ಗಿಡ್ಡ. ಒಂದು ಲೀಟರ್ ನೀರು ಹಾಕಿದರೆ ಕೆಳಗಿನ ತಟ್ಟೆ ನೀರಿಗೇ ತಾಗುತ್ತದೆ, ಜೋರಾಗಿ ಕುದಿದರೆ ನೀರು ಗುಳಿಯೊಳಗೂ ಚಿಮ್ಮುತ್ತದೆ. ಮುಚ್ಚಳ ಹೆಚ್ಚು ಚಪ್ಪಟೆ, ಆದ್ದರಿಂದ ಹನಿ ನೇರವಾಗಿ ಮೇಲಿನ ಇಡ್ಲಿಯ ನೆತ್ತಿಗೆ ಬೀಳುತ್ತದೆ.

ಇಷ್ಟು ಗೊತ್ತಾದ ಮೇಲೆ ಅವರ ಕುಕ್ಕರಿನಲ್ಲೇ, ಉಳಿದ ಹಿಟ್ಟಿನಿಂದ ಮತ್ತೆ ಮಾಡಿದೆವು. ನೀರನ್ನು ಎರಡು ಸೆಂಟಿಮೀಟರ್ ಆಳಕ್ಕೆ ಇಳಿಸಿದೆ. ಆ ಕುಕ್ಕರಿಗೆ ಅದು ಮುಕ್ಕಾಲು ಲೀಟರಿಗಿಂತ ತುಸು ಕಡಿಮೆ. ನೀರು ತಳಮಳ ಕುದಿಯುವವರೆಗೆ ಸ್ಟ್ಯಾಂಡ್ ಹೊರಗೇ ಇತ್ತು. ಹಿಟ್ಟನ್ನು ಕಲಕದೆ, ಸೌಟಿನಿಂದ ಬದಿಯಿಂದ ತೋಡಿ, ಗುಳಿಯ ಮುಕ್ಕಾಲು ಭಾಗಕ್ಕೆ ಮಾತ್ರ ಹಾಕಿದೆ. ತಟ್ಟೆಗಳನ್ನು ಜೋಡಿಸುವಾಗ ಒಂದರ ಗುಳಿಯ ಮೇಲೆ ಇನ್ನೊಂದರ ಗುಳಿ ಬರದಂತೆ ತಿರುಗಿಸಿದೆ. ಇಲ್ಲವಾದರೆ ಉಬ್ಬಿದ ಇಡ್ಲಿ ಮೇಲಿನ ತಟ್ಟೆಯ ತಳಕ್ಕೆ ತಾಗಿ ತಲೆ ಚಪ್ಪಟೆಯಾಗುತ್ತದೆ. ಮೇಲಿನ ತಟ್ಟೆಯ ಮೇಲೆ ತೆಳುವಾದ ಹತ್ತಿ ಬಟ್ಟೆಯೊಂದನ್ನು ಹಿಟ್ಟಿಗೆ ತಾಗದಂತೆ ಬಿಗಿದು, ಅದರ ಅಂಚುಗಳನ್ನು ತಟ್ಟೆಯ ಕೆಳಗೆ ಸಿಕ್ಕಿಸಿದೆ. ಈ ಬಟ್ಟೆಯ ತುದಿ ಮುಚ್ಚಳದ ಕೊಳವೆಯ ಹತ್ತಿರ ಹೋಗಲೇಬಾರದು. ದಾರಿ ಮುಚ್ಚಿದರೆ ವಿಷಲ್ ಇಲ್ಲದೆಯೂ ಒತ್ತಡ ಏರುತ್ತದೆ. ಕುಕ್ಕರಿನಲ್ಲಿ ಮೇಲೆ ಜಾಗ ಸಾಲದಿದ್ದರೆ ಬಟ್ಟೆಯ ಬದಲು ಮೇಲಿನ ತಟ್ಟೆಯನ್ನು ಖಾಲಿ ಬಿಡುವುದೇ ಲೇಸು. ಹನಿಗಳು ಅದರ ಮೇಲೆಯೇ ಬೀಳುತ್ತವೆ.

ಸ್ಟ್ಯಾಂಡ್ ಇಳಿಸಿದ ಮೇಲೆ ಉರಿ ಜೋರಾಗಿಯೇ ಇತ್ತು. ನಾಲ್ಕು ನಿಮಿಷದ ಸುಮಾರಿಗೆ ಕೊಳವೆಯಿಂದ ಹಬೆ ಬಿಡದೆ ಬಂದಿತು. ಆಗ ಉರಿಯನ್ನು ಸ್ವಲ್ಪ ತಗ್ಗಿಸಿ ಒಂಬತ್ತು ನಿಮಿಷ ಬೇಯಿಸಿದೆವು. ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆದು, ತಟ್ಟೆಗಳನ್ನು ಹೊರಗಿಟ್ಟು ಇನ್ನೂ ಮೂರ್ನಾಲ್ಕು ನಿಮಿಷ ಆರಲು ಬಿಟ್ಟು, ಒದ್ದೆ ಚಮಚದಿಂದ ಎಬ್ಬಿಸಿದೆವು. ಎಲ್ಲ ತಟ್ಟೆಗಳಲ್ಲೂ ಒಂದೇ ತರದ ಇಡ್ಲಿ, ನಮ್ಮ ಮನೆಯ ಪಾತ್ರೆಯಲ್ಲಿ ಆದಷ್ಟೇ ಎತ್ತರ. ಮೇಲಿನ ತಟ್ಟೆಯಲ್ಲಿ ಒಂದೆರಡು ಇಡ್ಲಿಗಳ ನೆತ್ತಿ ಬಟ್ಟೆಗೆ ತಾಗಿ ಸ್ವಲ್ಪ ಸುಲಿದಿತ್ತು. ಟೀಚರ್ ಒಂದನ್ನು ಮುರಿದು ನೋಡಿ, “ಹಾಗಾದರೆ ಇಷ್ಟು ದಿನ ನಿನ್ನನ್ನು ಸುಮ್ಮನೆ ಬೈದೆ” ಎಂದು ನಕ್ಕರು.

ನಮ್ಮ ಇಡ್ಲಿ ಪಾತ್ರೆಯಲ್ಲಿ ಮುಚ್ಚಳದ ಅಂಚಿನಿಂದ ಹಬೆ ಸುತ್ತಲೂ ಬಂದ ಮೇಲೆ ಹತ್ತರಿಂದ ಹನ್ನೆರಡು ನಿಮಿಷ ಇಡುತ್ತೇನೆ. ಸಡಿಲ ಮುಚ್ಚಳದಿಂದ ಹಬೆ ಸೋರುವುದರಿಂದ ಒಂದೆರಡು ನಿಮಿಷ ಹೆಚ್ಚು. ಆದರೆ ಸಮಯವನ್ನು ನಿಜವಾಗಿ ನಿರ್ಧರಿಸುವುದು ಪಾತ್ರೆಯಲ್ಲ, ಇಡ್ಲಿಯ ದಪ್ಪ. ತಟ್ಟೆ ಇಡ್ಲಿಗೆ ಹದಿನೈದು ನಿಮಿಷದವರೆಗೆ ಬೇಕಾಗುತ್ತದೆ. ಕರಾವಳಿಯವರು ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬಿಗೆ ಅರ್ಧ ಗಂಟೆಯಾದರೂ ಆಶ್ಚರ್ಯವಿಲ್ಲ, ಏಕೆಂದರೆ ಶಾಖ ನಡುವಿಗೆ ತಲುಪಬೇಕಾದ ದೂರ ಹೆಚ್ಚು. ಬೆಂದಿದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಚಾಕುವಿನ ತುದಿಯನ್ನು ಮಧ್ಯದ ತಟ್ಟೆಯ ಇಡ್ಲಿಯ ನಡುವೆ ಇಳಿಸಿ ನೋಡುತ್ತೇನೆ. ಅಂಟದೆ ಬಂದರೆ ಸಾಕು. ಸಾಲದೆಂದು ಇಪ್ಪತ್ತು ನಿಮಿಷ ಬಿಟ್ಟರೆ ಮೇಲ್ಮೈ ಬಿಗಿದು ಚರ್ಮದಂತಾಗುತ್ತದೆ.

ಎರಡನೆಯ ಸರದಿಗೆ ಇಡುವವರಿಗೆ ಒಂದು ಮಾತು. ಹತ್ತು ನಿಮಿಷದ ಜೋರು ಕುದಿತಕ್ಕೆ ಒಂದು ದೊಡ್ಡ ಲೋಟದಷ್ಟು ನೀರು ಆವಿಯಾಗಿ ಹೋಗುತ್ತದೆ. ಕುಕ್ಕರಿನಲ್ಲಿರುವ ಅಲ್ಪ ನೀರಿಗೆ ಇದು ಸಣ್ಣ ನಷ್ಟವಲ್ಲ. ಕಡಿಮೆಯಾದಷ್ಟನ್ನು ಕುದಿಯುವ ನೀರಿನಿಂದಲೇ ತುಂಬಿಸಿ. ತಣ್ಣೀರು ಹೊಯ್ದರೆ ಹಬೆ ನಿಂತು, ಎರಡನೆಯ ಸರದಿಯ ಇಡ್ಲಿಗಳು ಮತ್ತೆ ಮಧ್ಯದ ತಟ್ಟೆಯ ಕಾಯಿಲೆಗೆ ಬೀಳುತ್ತವೆ. ಫ್ರಿಜ್‌ನಿಂದ ತೆಗೆದ ಹಿಟ್ಟಿಗೂ ಇದೇ ಗತಿ. ಅದನ್ನು ಅರ್ಧ ಗಂಟೆ ಹೊರಗಿಟ್ಟು ತಣುಪು ಹೋದ ಮೇಲೆ ತಟ್ಟೆಗೆ ಹಾಕಿ.

ಇಷ್ಟೆಲ್ಲ ಮಾಡಿದರೂ ಎಲ್ಲ ತಟ್ಟೆಗಳಲ್ಲೂ ಒಂದೇ ಸಮ ಚಪ್ಪಟೆಯಾದರೆ, ಹಿಟ್ಟು ಹುಳಿ ವಾಸನೆ ಹೊಡೆದು ಮೇಲೆ ನೀರು ಬಿಟ್ಟುಕೊಂಡಿದ್ದರೆ, ಅದು ಉಬ್ಬಿ ಇಳಿದುಹೋದ ಹಿಟ್ಟು. ಅದನ್ನು ಯಾವ ಪಾತ್ರೆಯ ಹಬೆಯೂ ಎಬ್ಬಿಸಲಾರದು. ಸ್ವಲ್ಪ ಅಕ್ಕಿ ಹಿಟ್ಟು ಬೆರೆಸಿ ದೋಸೆ ಹುಯ್ದುಬಿಡಿ.