ಕೆಲಸ ಬಿಡುವಾಗ ನಾನು ಬರೆದ ವಿದಾಯದ ಇಮೇಲ್

ಶಿವಮೊಗ್ಗದಲ್ಲಿ ಅಡಿಕೆ ವಹಿವಾಟಿನ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದು ಕಳೆದ ಆಷಾಢದಲ್ಲಿ ಕೆಲಸ ಬಿಟ್ಟೆ. ವಿದಾಯದ ಇಮೇಲ್ ಬರೆಯಲು ಕುಳಿತಾಗ, ಅದಕ್ಕೂ ಹಿಂದಿನ ಕೆಲಸ ಬಿಟ್ಟಾಗ ಆದದ್ದು ಮನಸ್ಸಿನಲ್ಲಿತ್ತು. ಅಂದು ಕೊನೆಯ ದಿನ ಸಂಜೆ ಐದಕ್ಕೆ ಎಲ್ಲರಿಗೂ ಪತ್ರ ಕಳುಹಿಸಿ ಹೊರಟಿದ್ದೆ. ರಾತ್ರಿಯೊಳಗೆ ನನ್ನ ಖಾತೆ ಮುಚ್ಚಿತು. ಮಳೆಗೆ ಕರೆಂಟು ಹೋಗಿ ಎರಡು ದಿನ ಕಂಪ್ಯೂಟರ್ ತೆರೆಯಲಾಗದಿದ್ದ ಹೊಸನಗರ ಶಾಖೆಯವರು ಆಮೇಲೆ ಬರೆದ ಉತ್ತರಗಳೆಲ್ಲ ಅವರಿಗೇ ಮರಳಿದವು. ಪತ್ರದ ಕೊನೆಯಲ್ಲಿ ನನ್ನ ಸ್ವಂತ ವಿಳಾಸವೇನೋ ಇತ್ತು. ಆದರೆ ಉತ್ತರ ಬರೆಯುವವರು Reply ಒತ್ತುತ್ತಾರೆಯೇ ಹೊರತು ವಿಳಾಸ ನೋಡಿ ಟೈಪ್ ಮಾಡುವುದಿಲ್ಲ. ಆ ಗುಂಡಿ ಉತ್ತರವನ್ನು ಪತ್ರ ಹೊರಟ ಖಾತೆಗೇ ಒಯ್ಯುತ್ತದೆ.

ಆದ್ದರಿಂದ ಈ ಸಲ ಖಾತೆ ಯಾವಾಗ ಮುಚ್ಚುತ್ತದೆ ಎಂದು ಮೊದಲೇ ಕೇಳಿ ತಿಳಿದು, ಎರಡು ದಿನ ಮುಂಚೆ, ಬೆಳಿಗ್ಗೆ ಹತ್ತೂವರೆಗೆ ಪತ್ರ ಕಳುಹಿಸಿದೆ. ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಔಟ್‌ಲುಕ್‌ನಲ್ಲಿ ಹೊಸ ಪತ್ರದ Options ಅಡಿಯಲ್ಲಿರುವ Direct Replies To ಎಂಬಲ್ಲಿ ನನ್ನ ಸ್ವಂತ ವಿಳಾಸ ಹಾಕಿದೆ. ಹೀಗೆ ಮಾಡಿದರೆ Reply ಒತ್ತಿದವರ ಉತ್ತರ ನೇರವಾಗಿ ಅಲ್ಲಿಗೇ ಬರುತ್ತದೆ. ಮೊದಲು ಪಕ್ಕದ ಮೇಜಿನವರಿಗೆ ಒಂದು ಪ್ರತಿ ಕಳುಹಿಸಿ, ಅವರು ಉತ್ತರಿಸಿದ್ದು ನನ್ನ ಮೊಬೈಲಿಗೆ ಬಂದದ್ದನ್ನು ಕಂಡ ಮೇಲೆಯೇ ಉಳಿದವರಿಗೆ ಕಳುಹಿಸಿದೆ. ಎಲ್ಲರ ವಿಳಾಸವನ್ನೂ Bcc ಸಾಲಿನಲ್ಲಿ ಇಟ್ಟದ್ದರಿಂದ ಒಬ್ಬರ ಶುಭಾಶಯ ನಲವತ್ತು ಜನರ ಪೆಟ್ಟಿಗೆ ತುಂಬುವ ಪ್ರಸಂಗ ಬರಲಿಲ್ಲ. ಹಳೆಯ ಪತ್ರಗಳನ್ನು ತೆರೆದು ಉತ್ತರಿಸುವವರಿಗೆ ಮಾತ್ರ ಈ ಏರ್ಪಾಡು ಒದಗುವುದಿಲ್ಲ. ಅಂಥ ನಾಲ್ಕೈದು ಮಂದಿಗೆ ಬೇರೆಯಾಗಿ ಬರೆದೆ.

ನಿಜವಾಗಿ ಹೊತ್ತು ಹಿಡಿದದ್ದು ಒಕ್ಕಣೆ. ಮೊದಲ ಕರಡು ಒಂದೂವರೆ ಪುಟವಿತ್ತು, ಅದರ ತುಂಬ ಹೆಸರುಗಳಿದ್ದವು. ಹದಿನೈದು ಹೆಸರು ಬರೆದರೆ ಹದಿನಾರನೆಯವರಿಗೆ ನೋವಾಗುತ್ತದೆ ಎನಿಸಿ ಹೆಸರುಗಳನ್ನೆಲ್ಲ ತೆಗೆದು, ಎಲ್ಲರೂ ಹಂಚಿಕೊಂಡ ಒಂದು ನೆನಪನ್ನು ಮಾತ್ರ ಉಳಿಸಿದೆ. ಕೊನೆಗೆ ನಿಂತ ಪತ್ರ ಇಷ್ಟು:

“ಆತ್ಮೀಯರೇ, ಇದೇ ಶುಕ್ರವಾರ ಈ ಕಚೇರಿಯಲ್ಲಿ ನನ್ನ ಕೊನೆಯ ದಿನ. ಮಾರ್ಚ್ ಕೊನೆಯ ರಾತ್ರಿಗಳಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಹುಡುಕುತ್ತ ಸಾಗರ, ತೀರ್ಥಹಳ್ಳಿ ಶಾಖೆಯವರು ಫೋನಿನಲ್ಲಿ ನನ್ನೊಂದಿಗೆ ಎಚ್ಚರವಿದ್ದುದನ್ನು ಮರೆಯಲಾರೆ. ನೀವೆಲ್ಲ ನನ್ನನ್ನು ಮನೆಯವಳಂತೆ ಕಂಡಿರಿ. ಈ ಪತ್ರಕ್ಕೆ ಉತ್ತರಿಸಿದರೆ ನನ್ನ ಸ್ವಂತ ವಿಳಾಸಕ್ಕೇ ಬರುತ್ತದೆ. ಅದನ್ನು ಕೆಳಗೂ ಕೊಟ್ಟಿದ್ದೇನೆ. ನಮ್ಮೂರ ಕಡೆ ಬಂದರೆ ಊಟಕ್ಕೆ ಬನ್ನಿ.”

ಕೆಳಗಿನ ಸಾಲಿನಲ್ಲಿ ವಿಳಾಸವನ್ನು ಚಿತ್ರವಾಗಿ ಅಂಟಿಸದೆ ಅಕ್ಷರಗಳಲ್ಲೇ ಬರೆದೆ, ಏಕೆಂದರೆ ಚಿತ್ರದಿಂದ ಅದನ್ನು ನಕಲು ಮಾಡಿಕೊಳ್ಳುವುದು ಕಷ್ಟ. ಇಮೇಲ್ ಇಲ್ಲದ ಗೋದಾಮಿನ ಹಮಾಲರಿಗೆ ಶುಕ್ರವಾರ ಮಧ್ಯಾಹ್ನ ನಾನೇ ಹೋಗಿ ಹೇಳಿ ಬಂದೆ. ಈ ಸಂಸ್ಥೆಯ ಹೊಸನಗರ ಶಾಖೆಯಿಂದ ಉತ್ತರ ಬಂದದ್ದು ಮುಂದಿನ ಮಂಗಳವಾರ, ಕಚೇರಿಯ ಖಾತೆ ಮುಚ್ಚಿದ ಮೇಲೆ: “ಮೂರು ದಿನ ಕರೆಂಟಿರಲಿಲ್ಲ ಅಕ್ಕಾ, ಈಗಷ್ಟೇ ಓದಿದೆ.”